ಯೂಟ್ಯೂಬ್ ಕೇಳುತ್ತೆ, ಗೇಮ್ ಕೇಳಲ್ಲ: ಎಆರ್‌ಸಿ ಸೌಂಡ್‌ಬಾರ್‌ನ ತೊಂದರೆ ಎಲ್ಲಿದೆ?

ಪ್ರಶ್ನೆ: ಸರ್, ನಮ್ಮದು ಮಂಡ್ಯ. ಮಗನಿಗೆ ಅಂತ ಪಿಎಸ್5 ತಗೊಂಡ್ವಿ. ಸೌಂಡ್‌ಬಾರ್ ಮೊದಲಿಂದಲೂ ಇದೆ, ಟಿವಿಯ ಎಆರ್‌ಸಿ ಪೋರ್ಟ್‌ಗೆ ಹಾಕಿದೀವಿ. ಸೆಟ್ ಟಾಪ್ ಬಾಕ್ಸ್, ಯೂಟ್ಯೂಬ್ ಎಲ್ಲಾ ಸೌಂಡ್‌ಬಾರ್‌ನಲ್ಲೇ ಚೆನ್ನಾಗಿ ಕೇಳುತ್ತೆ. ಗೇಮ್ ಹಾಕಿದ್ರೆ ಮಾತ್ರ ಸದ್ದೇ ಇಲ್ಲ. ಟಿವಿ ಸ್ಪೀಕರ್‌ಗೆ ಬದಲಾಯಿಸಿದ್ರೆ ಗೇಮ್ ಸೌಂಡ್ ಬರುತ್ತೆ. ಮಗ ಏನೋ ವಿಡಿಯೊ ನೋಡ್ಕೊಂಡು ಸೆಟ್ಟಿಂಗ್ ಬದಲಾಯಿಸಿದ್ದ, ಏನು ಅಂತ ಅವನಿಗೂ ನೆನಪಿಲ್ಲ. ಅಂಗಡಿಯವರು 2.1 ಕೇಬಲ್ ತಗೊಳ್ಳಿ ಅಂತಾರೆ. ಇನ್ನೊಂದು, ಕರೆಂಟ್ ಹೋಗಿ ಬಂದಾಗ ಒಂದೊಂದ್ಸಲ ಯಾವ ಸೌಂಡೂ ಬರಲ್ಲ. ಸೌಂಡ್‌ಬಾರ್ ಹೋಗಿದ್ಯಾ?

ಉತ್ತರ: ಸೌಂಡ್‌ಬಾರ್ ಹೋಗಿಲ್ಲ. ಕೇಬಲ್‌ಗೂ ದುಡ್ಡು ಹಾಕಬೇಡಿ. ಯೂಟ್ಯೂಬ್ ಸೌಂಡ್‌ಬಾರ್‌ನಲ್ಲಿ ಕೇಳುತ್ತೆ, ಗೇಮ್ ಟಿವಿ ಸ್ಪೀಕರ್‌ನಲ್ಲಿ ಕೇಳುತ್ತೆ ಅಂತ ನೀವೇ ಬರೆದಿದ್ದೀರಿ. ಈ ಎರಡು ಮಾತಿನಲ್ಲೇ ಅರ್ಧ ಉತ್ತರ ಇದೆ. ಮೊದಲನೆಯದರಿಂದ ಟಿವಿ ಮತ್ತು ಸೌಂಡ್‌ಬಾರ್ ನಡುವಿನ ದಾರಿ ಸರಿ ಇದೆ ಅಂತ ಗೊತ್ತಾಯಿತು. ಎರಡನೆಯದರಿಂದ ಪಿಎಸ್5 ಮತ್ತು ಟಿವಿ ನಡುವಿನ ದಾರಿಯೂ ಸರಿ ಇದೆ ಅಂತ ಗೊತ್ತಾಯಿತು. ಎರಡೂ ತಂತಿ ಸರಿ ಇದ್ದು ಸದ್ದು ಬರದಿದ್ದರೆ ತೊಂದರೆ ಇರೋದು ತಂತಿಯೊಳಗೆ ಹೋಗುತ್ತಿರುವ ಆಡಿಯೊದ ರೂಪದಲ್ಲಿ. ಪಿಎಸ್5 ಬಹುಶಃ ಡಾಲ್ಬಿ ಅನ್ನುವ, ಹಿಂಡಿ ಕಟ್ಟಿದ ರೂಪದಲ್ಲಿ ಕಳಿಸುತ್ತಿದೆ. ಟಿವಿ ಅದನ್ನು ಬಿಚ್ಚದೆ ಹಾಗೇ ಮುಂದೆ ದಾಟಿಸುತ್ತಿದೆ. ಸೌಂಡ್‌ಬಾರ್‌ಗೆ ಅದು ಅರ್ಥ ಆಗುತ್ತಿಲ್ಲ.

ಇದು ಹೇಗೆ ಆಗುತ್ತೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ತಿಳಿದುಕೊಂಡರೆ ಮುಂದೆ ಬೇರೆ ಯಾವ ಡಬ್ಬ ತಂದು ಜೋಡಿಸಿದಾಗಲೂ ನೀವೇ ಸರಿ ಮಾಡಿಕೊಳ್ಳಬಹುದು.

ಎಚ್‌ಡಿಎಂಐ ತಂತಿಯಲ್ಲಿ ಚಿತ್ರ ಮತ್ತು ಸದ್ದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹೋಗುತ್ತವೆ, ಅಂದರೆ ಡಬ್ಬದಿಂದ ಟಿವಿಯ ಕಡೆಗೆ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಲ್ಲಿ ಇದಕ್ಕೆ ಒಂದು ಅನುಕೂಲ ಸೇರಿಸಿದರು. ಪ್ಲಗ್‌ನಲ್ಲಿರುವ 19 ಪಿನ್‌ಗಳಲ್ಲಿ ಅಲ್ಲಿವರೆಗೆ ಕೆಲಸವಿಲ್ಲದೆ ಇದ್ದ 14ನೇ ಪಿನ್ ಬಳಸಿ ಟಿವಿಯಿಂದ ಹೊರಗೆ ಸದ್ದು ಕಳಿಸುವ ದಾರಿ ಮಾಡಿದರು. ಅದೇ ಎಆರ್‌ಸಿ. ಹಾಗಾಗಿ ನಿಮ್ಮ ಮನೆಯಲ್ಲಿ ಗೇಮ್‌ನ ಸದ್ದು ಎರಡು ಹೆಜ್ಜೆ ನಡೆಯುತ್ತೆ. ಪಿಎಸ್5ನಿಂದ ಟಿವಿಗೆ, ಟಿವಿಯಿಂದ ಸೌಂಡ್‌ಬಾರ್‌ಗೆ.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಪಿಎಸ್5 ಸೌಂಡ್‌ಬಾರ್ ಜೊತೆ ನೇರವಾಗಿ ಮಾತಾಡಲ್ಲ. ಅದು ಕೇಳೋದು ಟಿವಿಯನ್ನು: ನಿನಗೆ ಯಾವ ಯಾವ ಆಡಿಯೊ ಗೊತ್ತು? ಇವತ್ತಿನ ಹೆಚ್ಚಿನ ಟಿವಿಗಳ ಒಳಗೆ ಡಾಲ್ಬಿ ಬಿಚ್ಚುವ ಡಿಕೋಡರ್ ಇದೆ. ಹಾಗಾಗಿ ಟಿವಿ, ನನಗೆ ಡಾಲ್ಬಿ ಗೊತ್ತು, ಕಳಿಸು ಅನ್ನುತ್ತೆ. ಟಿವಿ ಸ್ಪೀಕರ್‌ನಲ್ಲೇ ಕೇಳುವಾಗ ಅದು ನಿಜವೂ ಹೌದು, ಸದ್ದು ಬರುತ್ತೆ. ಸದ್ದನ್ನು ಸೌಂಡ್‌ಬಾರ್‌ಗೆ ತಿರುಗಿಸಿದ ಮೇಲೆ ಮಾತ್ರ ಕಥೆ ಬೇರೆ. ಟಿವಿ ಆ ಡಾಲ್ಬಿಯನ್ನು ತಾನೇ ಬಿಚ್ಚಿ ಕೊಡಬೇಕಾ, ಹಾಗೇ ದಾಟಿಸಬೇಕಾ ಅನ್ನೋದನ್ನು ತೀರ್ಮಾನ ಮಾಡೋದು ಟಿವಿಯ ಒಂದು ಸೆಟ್ಟಿಂಗ್. ಅದು `Pass Through` ಅಂತ ಇದ್ದರೆ ಟಿವಿ ಏನನ್ನೂ ಮುಟ್ಟಲ್ಲ. `Auto` ಅಂತ ಇದ್ದರೆ ಟಿವಿ ಸೌಂಡ್‌ಬಾರ್‌ನ ಹತ್ತಿರ, ನಿನಗೆ ಏನು ಗೊತ್ತು ಅಂತ ವಿಚಾರಿಸಿ ಅದರ ಪ್ರಕಾರ ನಡೆಯಬೇಕು. ಆದರೆ ಕಡಿಮೆ ಬೆಲೆಯ ಕೆಲವು ಸೌಂಡ್‌ಬಾರ್‌ಗಳು ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲ್ಲ. ಆಗ ಟಿವಿ ತನ್ನ ಅಂದಾಜಿನಲ್ಲಿ ಏನೋ ಒಂದನ್ನು ಕಳಿಸಿಬಿಡುತ್ತೆ.

ಹಾಗಾದರೆ ಯೂಟ್ಯೂಬ್ ಹೇಗೆ ಬರುತ್ತೆ? ಯೂಟ್ಯೂಬ್‌ನ ಹೆಚ್ಚಿನ ವಿಡಿಯೊಗಳ ಸದ್ದು ಎರಡೇ ಚಾನೆಲ್‌ನ ಸ್ಟೀರಿಯೊ. ಟಿವಿ ಅದನ್ನು ತಾನೇ ಬಿಚ್ಚಿ ಪಿಸಿಎಂ ಮಾಡಿ ಕಳಿಸುತ್ತೆ. ಪಿಸಿಎಂ ಅಂದರೆ ಸುತ್ತಿ ಕಟ್ಟದ ಕಚ್ಚಾ ಆಡಿಯೊ, ಯಾವ ಸೌಂಡ್‌ಬಾರ್‌ಗಾದರೂ ಅರ್ಥ ಆಗುತ್ತೆ. ಹೆಚ್ಚಿನ ಸೆಟ್ ಟಾಪ್ ಬಾಕ್ಸ್‌ಗಳೂ ಸ್ಟೀರಿಯೊ ಪಿಸಿಎಂ ಕೊಡುವ ಹಾಗೇ ಸೆಟ್ ಆಗಿ ಬರುತ್ತವೆ. ಅದಕ್ಕೇ ನಿಮಗೆ ಇಷ್ಟು ದಿನ ತೊಂದರೆ ಕಾಣಲೇ ಇಲ್ಲ.

ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಪಿಎಸ್5 ಆಫ್ ಮಾಡಿ, ಟಿವಿಯಲ್ಲೇ ಇರುವ ಯಾವುದಾದರೂ ಓಟಿಟಿ ಆ್ಯಪ್ ತೆರೆಯಿರಿ. 5.1, ಅಂದರೆ ಆರು ಚಾನೆಲ್‌ನ ಸದ್ದು, ಅಥವಾ ಡಾಲ್ಬಿ ಗುರುತು ಇರುವ ಸಿನಿಮಾ ಒಂದನ್ನು ಹಾಕಿ, ಆಡಿಯೊ ಆಯ್ಕೆಯಲ್ಲಿ 5.1 ಇದ್ದರೆ ಅದನ್ನೇ ಆರಿಸಿ. ಅದಕ್ಕೂ ಸೌಂಡ್‌ಬಾರ್ ಸುಮ್ನೆ ಕೂತರೆ ನನ್ನ ಅನುಮಾನ ನಿಜ. ಪಿಎಸ್5ನ ತಪ್ಪೇ ಅಲ್ಲ, ಡಾಲ್ಬಿ ಯಾವ ಕಡೆಯಿಂದ ಬಂದರೂ ಸೌಂಡ್‌ಬಾರ್ ಬಾಯಿ ಬಿಡುತ್ತಿಲ್ಲ. ಸಿನಿಮಾ ಕೇಳಿಸಿ ಗೇಮ್ ಮಾತ್ರ ಕೇಳಿಸದಿದ್ದರೆ ಪಿಎಸ್5ನ ಸೆಟ್ಟಿಂಗ್‌ನಿಂದ ಶುರು ಮಾಡಿ. ಸೌಂಡ್‌ಬಾರ್‌ನ ಮುಖದಲ್ಲಿ ಸಣ್ಣ ಡಿಸ್‌ಪ್ಲೇ ಇದ್ದರೆ ಅದನ್ನೂ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಸದ್ದು ಶುರುವಾದಾಗ ಒಂದೆರಡು ಸೆಕೆಂಡ್ `PCM` ಅಥವಾ `DOLBY` ಅಂತ ಅಕ್ಷರ ಹಾದುಹೋಗುತ್ತೆ. ಯೂಟ್ಯೂಬ್‌ಗೆ ಅಕ್ಷರ ಬಂದು ಗೇಮ್‌ಗೆ ಏನೂ ಬರದಿದ್ದರೆ ಬಂದದ್ದು ಏನು ಅಂತ ಸೌಂಡ್‌ಬಾರ್‌ಗೆ ತಿಳಿದಿಲ್ಲ ಅಂತಲೇ ಅರ್ಥ.

ಈಗ ಸರಿ ಮಾಡೋದು. ಮೊದಲು ಟಿವಿಯಲ್ಲೇ ಮಾಡಿ ಅನ್ನುವುದು ನನ್ನ ಸಲಹೆ, ಯಾಕೆಂದರೆ ಅಲ್ಲಿ ಒಂದು ಸಲ ಮಾಡಿದರೆ ಗೇಮ್, ಓಟಿಟಿ, ಪೆನ್ ಡ್ರೈವ್ ಎಲ್ಲಕ್ಕೂ ಅನ್ವಯ ಆಗುತ್ತೆ. ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ. ಸೋನಿಯಲ್ಲಿ `Digital audio out`, ಎಲ್‌ಜಿಯಲ್ಲಿ `Digital Sound Output`, ಸ್ಯಾಮ್‌ಸಂಗ್‌ನಲ್ಲಿ `Digital Output Audio Format` ಅಂತ ಇರುತ್ತೆ. ಬೇರೆ ಟಿವಿಗಳಲ್ಲಿ `Digital Output` ಅಥವಾ `SPDIF` ಅನ್ನುವ ಹೆಸರು ಹುಡುಕಿ. ಅದನ್ನು `PCM` ಮಾಡಿ. ಇಷ್ಟು ಮಾಡಿದ ತಕ್ಷಣ ಟಿವಿ ಯಾವ ಆಡಿಯೊ ಬಂದರೂ ತಾನೇ ಬಿಚ್ಚಿ, ಎರಡು ಚಾನೆಲ್‌ಗೆ ಇಳಿಸಿ, ಸೌಂಡ್‌ಬಾರ್‌ಗೆ ಅರ್ಥ ಆಗುವ ಹಾಗೆ ಕೊಡುತ್ತೆ. ಗೇಮ್ ನಡೆಯುತ್ತಿರುವಾಗಲೇ ಬದಲಾಯಿಸಿ ನೋಡಿ, ಮೆನುವಿನಿಂದ ಹೊರಗೆ ಬರುವಷ್ಟರಲ್ಲಿ ಸದ್ದು ಬಂದಿರಬೇಕು.

ಆಮೇಲೆ ಪಿಎಸ್5ನಲ್ಲೂ ಒಂದು ಸಲ ನೋಡಿ. `Settings`, ಅದರೊಳಗೆ `Sound`, ಅದರೊಳಗೆ `Audio Output`. ಅಲ್ಲಿ `Audio Format (Priority)` ಅನ್ನುವ ಸಾಲು ಇದೆ. ಮಗ ಬದಲಾಯಿಸಿದ್ದು ಬಹುಶಃ ಇದನ್ನೇ. 5.1 ಬೇಕಾದರೆ ಬಿಟ್‌ಸ್ಟ್ರೀಮ್, ಅಂದರೆ ಹಿಂಡಿ ಕಟ್ಟಿದ ರೂಪ, ಮಾಡಿ ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಅವು ಸುಳ್ಳಲ್ಲ, ಡಾಲ್ಬಿ ಬಿಚ್ಚುವ ಸೌಂಡ್‌ಬಾರ್ ಇದ್ದವರಿಗೆ ಅದೇ ಸರಿ. ನೀವು ಸದ್ಯಕ್ಕೆ `Linear PCM` ಇಡಿ. ಡಾಲ್ಬಿ ಥರದ್ದೇ ಇನ್ನೊಂದು ರೂಪವಾದ ಡಿಟಿಎಸ್ ಅನ್ನುವ ಆಯ್ಕೆಯನ್ನಂತೂ ಮುಟ್ಟಬೇಡಿ. ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಕೈಬಿಟ್ಟಿದೆ, ಎಲ್‌ಜಿಯೂ ನಡುವೆ ಕೆಲವು ವರ್ಷ ಬಿಟ್ಟಿತ್ತು. ಸೌಂಡ್‌ಬಾರ್‌ಗೆ ಡಿಟಿಎಸ್ ಗೊತ್ತಿದ್ದರೂ ನಡುವೆ ಕೂತ ಟಿವಿ ದಾಟಿಸದಿದ್ದರೆ ಏನೂ ಪ್ರಯೋಜನ ಇಲ್ಲ. ಅದೇ ಮೆನುವಿನಲ್ಲಿ `Enable 3D Audio for TV Speakers` ಆನ್ ಆಗಿದ್ದರೆ ಆಫ್ ಮಾಡಿ. ಅದು ಟಿವಿಯೊಳಗಿನ ಸ್ಪೀಕರ್‌ಗೆ ಅಂತ ಮಾಡಿದ್ದು, ಸೌಂಡ್‌ಬಾರ್‌ನಲ್ಲಿ ಮಾತು ಟೊಳ್ಳಾಗಿ ಕೇಳಬಹುದು. ಕಂಟ್ರೋಲರ್‌ಗೆ ಇಯರ್‌ಫೋನ್ ಚುಚ್ಚಿದ್ದರೆ ತೆಗೆಯಿರಿ, ಸದ್ದು ಅಲ್ಲಿಗೆ ಹೋಗಿಬಿಟ್ಟಿರುತ್ತೆ.

ಇದೇ ಥರದ್ದು ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ನೋಡಿದ್ದೆ. ಅಲ್ಲಿದ್ದದ್ದು ಎಕ್ಸ್‌ಬಾಕ್ಸ್. ಗೇಮ್‌ಗೆ ಸೌಂಡ್‌ಬಾರ್‌ನಲ್ಲಿ ಸದ್ದಿಲ್ಲ, ಸಂಜೆ ಧಾರಾವಾಹಿಗೆ ಮಾತ್ರ ಬರುತ್ತೆ. ಮನೆಯವರು ಎಕ್ಸ್‌ಬಾಕ್ಸ್‌ನದೇ ತೊಂದರೆ ಅಂತ ಅದನ್ನು ವಾಪಸ್ ಕೊಡೋಕೆ ಡಬ್ಬಕ್ಕೆ ಹಾಕಿ ಇಟ್ಟಿದ್ದರು. ಟಿವಿಯ ಓಟಿಟಿಯಲ್ಲಿ 5.1 ಸಿನಿಮಾ ಹಾಕಿದೆ, ಅದಕ್ಕೂ ಸದ್ದಿಲ್ಲ. ಅದೇ ಸಿನಿಮಾದ ಆಡಿಯೊ ಆಯ್ಕೆಯಲ್ಲಿ ಸ್ಟೀರಿಯೊ ಆರಿಸಿದೆ, ತಟ್ಟನೆ ಬಂತು. ಟಿವಿಯ ಮೆನುವಿನಲ್ಲಿ `Pass Through` ಇತ್ತು. ಸೌಂಡ್‌ಬಾರ್ ತಿರುಗಿಸಿ ಕೆಳಗಿನ ಸ್ಟಿಕ್ಕರ್ ನೋಡಿದರೆ ಡಾಲ್ಬಿಯ ಗುರುತೇ ಇಲ್ಲ. ಟಿವಿಯನ್ನು `PCM` ಮಾಡಿದೆ. ಎಕ್ಸ್‌ಬಾಕ್ಸ್ ಹೊರಗೆ ತೆಗೆಸಿ ಜೋಡಿಸಿ, `Volume & audio output` ಒಳಗೆ ಬಿಟ್‌ಸ್ಟ್ರೀಮ್ ಇದ್ದದ್ದನ್ನು `Stereo uncompressed` ಮಾಡಿದೆ. ಮುಗಿಯಿತು. ಒಂದು ರೂಪಾಯಿಯ ಸಾಮಾನೂ ಬೇಕಾಗಲಿಲ್ಲ.

ನಿಮ್ಮ ಸೌಂಡ್‌ಬಾರ್‌ನ ಡಬ್ಬ ಅಥವಾ ಸ್ಟಿಕ್ಕರ್ ಮೇಲೂ ಡಾಲ್ಬಿಯ ಗುರುತು ಹುಡುಕಿ. 5.1 ಅಂತ ದೊಡ್ಡದಾಗಿ ಬರೆದಿದ್ದ ಮಾತ್ರಕ್ಕೆ ಒಳಗೆ ಡಾಲ್ಬಿ ಡಿಕೋಡರ್ ಇದೆ ಅಂತ ನಂಬಬೇಡಿ. ಆರು ಸ್ಪೀಕರ್ ಇಟ್ಟು, ಬಂದ ಸ್ಟೀರಿಯೊವನ್ನೇ ಆರಕ್ಕೂ ಹಂಚುವ ಸೌಂಡ್‌ಬಾರ್‌ಗಳೂ ಮಾರ್ಕೆಟ್‌ನಲ್ಲಿ ಇವೆ. ಗುರುತು ಇಲ್ಲದಿದ್ದರೆ ಮೇಲೆ ಹೇಳಿದ ಪಿಸಿಎಂ ಸೆಟ್ಟಿಂಗೇ ಕೊನೆಯದು, ಅದರಿಂದ ನೀವು ಕಳೆದುಕೊಳ್ಳೋದು ಏನೂ ಇಲ್ಲ.

ಗುರುತು ಇದ್ದರೆ ಪಿಸಿಎಂನಲ್ಲೇ ನಿಲ್ಲಿಸೋದು ನಷ್ಟ. ಯಾಕೆ ಅಂದರೆ ಎಆರ್‌ಸಿಯ ದಾರಿ ಸಣ್ಣದು. ಸಿನಿಮಾ, ಗೇಮ್‌ಗಳ ಆಡಿಯೊವನ್ನು ಸಾಮಾನ್ಯವಾಗಿ ಸೆಕೆಂಡ್‌ಗೆ 48,000 ಸಲ ಅಳೆದಿರುತ್ತಾರೆ. ಒಂದೊಂದು ಅಳತೆಗೆ 16 ಬಿಟ್ ಅಂತ ಇಟ್ಟುಕೊಂಡರೆ ಎರಡು ಚಾನೆಲ್‌ಗೆ ಸೆಕೆಂಡ್‌ಗೆ ಸುಮಾರು 15 ಲಕ್ಷ ಬಿಟ್ ಆಯಿತು. ಆರು ಚಾನೆಲ್‌ಗೆ 46 ಲಕ್ಷ. ಎಆರ್‌ಸಿ ಎರಡು ಚಾನೆಲ್‌ನ ಪಿಸಿಎಂ ಒಯ್ಯುತ್ತೆ, ಆರು ಚಾನೆಲ್‌ನ ಪಿಸಿಎಂ ಒಯ್ಯಲ್ಲ. ಅದೇ ಆರು ಚಾನೆಲ್ಲನ್ನು ಡಾಲ್ಬಿ ಡಿಜಿಟಲ್‌ನಲ್ಲಿ ಹಿಂಡಿ ಕಟ್ಟಿದರೆ ಹೆಚ್ಚೆಂದರೆ 6.4 ಲಕ್ಷ ಬಿಟ್, ಆರಾಮಾಗಿ ಹೋಗುತ್ತೆ. ಹಾಗಾಗಿ ಎಆರ್‌ಸಿಯಲ್ಲಿ ನಿಜವಾದ 5.1 ಬೇಕು ಅಂದರೆ ಪಿಎಸ್5 ಬಿಟ್‌ಸ್ಟ್ರೀಮ್‌ನ ಡಾಲ್ಬಿಯಲ್ಲಿರಬೇಕು, ಟಿವಿ `Auto` ಅಥವಾ `Pass Through` ಇರಬೇಕು, ಸೌಂಡ್‌ಬಾರ್‌ಗೆ ಡಾಲ್ಬಿ ಗೊತ್ತಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಒಂದೋ ಸ್ಟೀರಿಯೊ, ಇಲ್ಲ ಮೌನ. ನಿಂಟೆಂಡೊ ಸ್ವಿಚ್ ಸರೌಂಡ್ ಕೊಡೋದೇ ಪಿಸಿಎಂನಲ್ಲಿ, ಅದಕ್ಕೇ ಎಆರ್‌ಸಿ ಮೂಲಕ ಅದು ಸ್ಟೀರಿಯೊ ಆಗಿಯೇ ಕೇಳೋದು. ಟಿವಿ, ಸೌಂಡ್‌ಬಾರ್ ಎರಡರಲ್ಲೂ ಎಆರ್‌ಸಿಯ ಹೊಸ ರೂಪವಾದ ಇಎಆರ್‌ಸಿ ಇದ್ದರೆ ಈ ಇಕ್ಕಟ್ಟು ಇರಲ್ಲ, ಎಂಟು ಚಾನೆಲ್‌ವರೆಗಿನ ಪಿಸಿಎಂ ಹಾಗೇ ಹೋಗುತ್ತೆ. ಎರಡರಲ್ಲಿ ಒಂದಕ್ಕೆ ಮಾತ್ರ ಇದ್ದರೆ ಮತ್ತೆ ಎಆರ್‌ಸಿಯ ಲೆಕ್ಕವೇ.

ಅಂಗಡಿಯವರು ಹೇಳಿದ 2.1 ಕೇಬಲ್ ವಿಚಾರ. ಅದು ಬೇಕಾಗೋದು ಪಿಎಸ್5 ಮತ್ತು ಟಿವಿ ನಡುವೆ, ಅದೂ 4ಕೆ ಚಿತ್ರ ಸೆಕೆಂಡ್‌ಗೆ 120 ಫ್ರೇಮ್‌ನಲ್ಲಿ ಬೇಕಾದಾಗ. ಆ ಕೇಬಲ್ ಪಿಎಸ್5ನ ಡಬ್ಬದಲ್ಲೇ ಬಂದಿದೆ. ಸೌಂಡ್‌ಬಾರ್‌ಗೆ ಹೋಗುವ ತಂತಿಯಲ್ಲಿ 14ನೇ ಪಿನ್ ಜೋಡಣೆಯಾಗಿದ್ದರೆ ಸಾಕು. ನಿಮ್ಮ ಯೂಟ್ಯೂಬ್ ಸದ್ದು ಬರುತ್ತಿರೋದೇ ಆ ಪಿನ್‌ನಿಂದ.

ಇನ್ನು ಕರೆಂಟ್ ಹೋಗಿ ಬಂದಾಗ ಸೌಂಡ್ ನಿಲ್ಲೋದು. ಇದು ಬೇರೆಯೇ ತೊಂದರೆ, ಮೇಲಿನದರ ಜೊತೆ ಕಲಸಬೇಡಿ. ಎಆರ್‌ಸಿ ಶುರುವಾಗಬೇಕಾದರೆ ಟಿವಿ ಮತ್ತು ಸೌಂಡ್‌ಬಾರ್ ಮೊದಲು ಪರಸ್ಪರ ಗುರುತು ಹಿಡಿಯಬೇಕು. ಆ ಮಾತುಕತೆ ನಡೆಯೋದು ಸಿಇಸಿ ಅನ್ನುವ ವ್ಯವಸ್ಥೆಯಲ್ಲಿ. ಇದನ್ನು ಸ್ಯಾಮ್‌ಸಂಗ್ `Anynet+` ಅಂತ ಕರೆಯುತ್ತೆ, ಎಲ್‌ಜಿ `SIMPLINK`, ಸೋನಿ `BRAVIA Sync`. ಅದು ಟಿವಿಯಲ್ಲಿ ಆನ್ ಇರಲೇಬೇಕು. ಒಂದು ಡಬ್ಬ ಮಾತ್ರ ಆಫ್ ಆಗಿ ಆನ್ ಆದರೆ ಈ ಗುರುತು ತಪ್ಪಿಹೋಗುತ್ತೆ, ಟಿವಿ ತನ್ನ ಸ್ಪೀಕರ್‌ಗೆ ವಾಪಸ್ ಹೋಗುತ್ತೆ ಅಥವಾ ಸುಮ್ಮನಾಗುತ್ತೆ.

ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಇದೆ. ಇನ್ವರ್ಟರ್ ಹಾಕಿಸುವಾಗ ಹಾಲ್‌ನ ಟಿವಿ ಪಾಯಿಂಟ್ ಅನ್ನು ಇನ್ವರ್ಟರ್ ಲೈನ್‌ಗೆ ಕೊಟ್ಟಿರುತ್ತಾರೆ. ಆಮೇಲೆ ತಂದ ಸೌಂಡ್‌ಬಾರ್‌ನ ಪ್ಲಗ್‌ಗೆ ಅಲ್ಲಿ ಜಾಗ ಇರಲ್ಲ, ಪಕ್ಕದ ಇನ್ನೊಂದು ಸಾಕೆಟ್‌ಗೆ ಹಾಕುತ್ತಾರೆ. ಆ ಸಾಕೆಟ್ ಇನ್ವರ್ಟರ್ ಮೇಲೆ ಇರಲ್ಲ. ಕರೆಂಟ್ ಹೋದಾಗ ಟಿವಿ ನಡೆಯುತ್ತಲೇ ಇರುತ್ತೆ, ಸೌಂಡ್‌ಬಾರ್ ಮಾತ್ರ ಸತ್ತು ಮತ್ತೆ ಎದ್ದು ಬರುತ್ತೆ. ನಿಮ್ಮ ಮನೆಯಲ್ಲೂ ಹೀಗಿದೆಯಾ ನೋಡಿ. ಮುಂದಿನ ಸಲ ಕರೆಂಟ್ ಹೋದಾಗ ಯಾವುದರ ಲೈಟ್ ಆರುತ್ತೆ ಅಂತ ಗಮನಿಸಿದರೆ ಸಾಕು. ಇನ್ವರ್ಟರ್ ತಡೆಯುವ ಲೋಡ್ ಆದರೆ ಒಂದು ಒಳ್ಳೆಯ ಸ್ಪೈಕ್ ಬಸ್ಟರ್ ಇಟ್ಟು ಎರಡನ್ನೂ ಒಂದೇ ಲೈನ್‌ನಿಂದ ನಡೆಸಿ.

ಸದ್ದು ನಿಂತೇ ಹೋದಾಗ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಅದು ಬರೀ ನಿದ್ದೆ. ಮೊದಲು ಪಿಎಸ್5 ಅನ್ನು ಮೆನುವಿನಿಂದ ಪೂರ್ತಿ ಶಟ್ ಡೌನ್ ಮಾಡಿ. ರೆಸ್ಟ್ ಮೋಡ್‌ನಲ್ಲಿ ಇರುವಾಗ ಪ್ಲಗ್ ಕೀಳಬಾರದು, ಒಳಗಿನ ಡೇಟಾ ಕೆಡಬಹುದು. ಆಮೇಲೆ ಟಿವಿ, ಸೌಂಡ್‌ಬಾರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ತೆಗೆದು ಎರಡು ಮೂರು ನಿಮಿಷ ಬಿಡಿ. ಮೊದಲು ಟಿವಿ ಹಾಕಿ, ಅದು ಪೂರ್ತಿ ಆನ್ ಆದ ಮೇಲೆ ಸೌಂಡ್‌ಬಾರ್, ಕೊನೆಗೆ ಪಿಎಸ್5. ಟಿವಿಯ ಸೌಂಡ್ ಔಟ್‌ಪುಟ್ ಪಟ್ಟಿಯಲ್ಲಿ ಸೌಂಡ್‌ಬಾರ್‌ನ ಹೆಸರು ಬಂದಿದ್ದರೆ ಗುರುತು ಹಿಡಿದಿದೆ ಅಂತ.

ಒಂದು ವೇಳೆ ಯೂಟ್ಯೂಬ್ ಕೂಡ ಸೌಂಡ್‌ಬಾರ್‌ನಲ್ಲಿ ಬರದೆ ಹೋದರೆ ಮೊದಲು ತಂತಿಯ ಎರಡೂ ತುದಿ ನೋಡಿ. ಟಿವಿಯ ಎಲ್ಲಾ ಪೋರ್ಟ್ ಎಆರ್‌ಸಿ ಅಲ್ಲ, ಒಂದರ ಪಕ್ಕ ಮಾತ್ರ `ARC` ಅಥವಾ `eARC` ಅಂತ ಅಚ್ಚಾಗಿರುತ್ತೆ. ಸೌಂಡ್‌ಬಾರ್‌ನಲ್ಲಿ ಎರಡು ಪೋರ್ಟ್ ಇದ್ದರೆ `HDMI OUT` ಕಡೆಯದೇ ಟಿವಿಗೆ ಬರಬೇಕು. `HDMI IN`ಗೆ ಹಾಕಿಕೊಂಡು ಪರದಾಡುವವರು ಬಹಳ. ಪೋರ್ಟ್ ಸರಿ ಇದ್ದು, ತಂತಿ ಬದಲಾಯಿಸಿದರೂ ಟಿವಿಯ ಪಟ್ಟಿಯಲ್ಲಿ ಸೌಂಡ್‌ಬಾರ್ ಕಾಣದಿದ್ದರೆ, ಅದೂ ಗುಡುಗು ಮಿಂಚಿನ ಮಳೆ ಬಂದ ಮಾರನೇ ದಿನದಿಂದ ಹೀಗಾಗಿದ್ದರೆ, ಪೋರ್ಟ್‌ನ ಎಆರ್‌ಸಿ ಭಾಗ ಸುಟ್ಟಿರಬಹುದು. ಅದೇ ಪೋರ್ಟ್‌ನಲ್ಲಿ ಚಿತ್ರ ಮಾತ್ರ ಸರಿಯಾಗಿ ಬರುತ್ತಿರುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಬೋರ್ಡ್ ರಿಪೇರಿಗೆ ಹೋಗುವ ಮೊದಲು ಟಿವಿಯ ಹಿಂದೆ ಆಪ್ಟಿಕಲ್ ಪೋರ್ಟ್ ಇದೆಯಾ ನೋಡಿ. ಸ್ಟೀರಿಯೊ, ಡಾಲ್ಬಿ 5.1 ಎರಡೂ ಅದರಲ್ಲಿ ಹೋಗುತ್ತವೆ. ಬೆಳಕಿನಲ್ಲಿ ಹೋಗೋದರಿಂದ ಟಿವಿಗೆ ಬಡಿದ ಮಿಂಚು ಆ ತಂತಿಯ ಮೂಲಕ ಸೌಂಡ್‌ಬಾರ್ ತಲುಪಲ್ಲ. ಟಿವಿ ರಿಮೋಟ್‌ನಲ್ಲಿ ಸೌಂಡ್‌ಬಾರ್‌ನ ವಾಲ್ಯೂಮ್ ಬದಲಾಯಿಸೋಕೆ ಸಾಮಾನ್ಯವಾಗಿ ಆಗಲ್ಲ, ಅದೊಂದು ಕೊರತೆ.

ಕೊನೆಯದಾಗಿ, ಸದ್ದು ಬಂದ ಮೇಲೆ ಮಗ ಇನ್ನೊಂದು ದೂರು ತರಬಹುದು: ಗುಂಡು ಹೊಡೆದ ಮೇಲೆ ಸದ್ದು ಸ್ವಲ್ಪ ತಡವಾಗಿ ಬರುತ್ತೆ ಅಂತ. ಡಾಲ್ಬಿಯಲ್ಲಿ ಗೇಮ್‌ನ ಸದ್ದನ್ನು ಪಿಎಸ್5 ಆಗಿಂದಾಗಲೇ ಕಟ್ಟಿ, ಇನ್ನೊಂದು ತುದಿಯಲ್ಲಿ ಬಿಚ್ಚಬೇಕು, ಅದಕ್ಕೆ ಸಮಯ ಹಿಡಿಯುತ್ತೆ. `Linear PCM`ನಲ್ಲಿ ಆ ಕೆಲಸ ಇಲ್ಲ, ಹಾಗಾಗಿ ತಡ ಕಡಿಮೆ. ಆಮೇಲೂ ಅನ್ನಿಸಿದರೆ ಟಿವಿಯ ಎ/ವಿ ಸಿಂಕ್ ಸೆಟ್ಟಿಂಗ್ ಮತ್ತು ಸೌಂಡ್‌ಬಾರ್‌ನ ಆಡಿಯೊ ಡಿಲೇ ಎರಡನ್ನೂ ಸೊನ್ನೆಗೆ ಇಳಿಸಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದಾಗ ಚಿತ್ರ ಬೇಗ ಬರುತ್ತೆ, ಸದ್ದಿನ ತಡ ಎದ್ದು ಕಾಣುತ್ತೆ, ಅದಕ್ಕೆ ಗೇಮ್ ಮೋಡ್ ಆನ್ ಇಟ್ಟುಕೊಂಡೇ ಹೊಂದಿಸಿ. ಡಾಲ್ಬಿ ಗೊತ್ತಿರುವ ಸೌಂಡ್‌ಬಾರ್ ಇದ್ದರೂ ಕ್ರಿಕೆಟ್, ಶೂಟಿಂಗ್ ಥರದ ಆಟಗಳಿಗೆ ನಾನು `Linear PCM` ಅನ್ನೇ ಹೇಳುತ್ತೇನೆ. ಕಥೆಯ ಗೇಮ್‌ಗಳಿಗೆ ಬೇಕಾದರೆ ಡಾಲ್ಬಿಗೆ ಹೋಗಿ, ಬದಲಾಯಿಸೋಕೆ ಅದೇ `Audio Format (Priority)` ಸಾಲು ಸಾಕು.